ತಿಂಗಳ ಬಡ್ಡಿಯೋ, ಕೊನೆಗೊಮ್ಮೆ ಗಂಟೋ?

ಪ್ರಶ್ನೆ: ನಿವೃತ್ತನಾಗಿದ್ದೇನೆ. ಹತ್ತು ಲಕ್ಷ ರೂಪಾಯಿಯನ್ನು ಐದು ವರ್ಷಕ್ಕೆ ಎಫ್‌.ಡಿ. ಇಡಬೇಕು. ತಿಂಗಳ ಖರ್ಚಿಗೂ ಬಡ್ಡಿ ಬೇಕು. ಕ್ಯುಮುಲೇಟಿವ್‌ನಲ್ಲಿ ಲಾಭ ಹೆಚ್ಚು ಎನ್ನುತ್ತಾರೆ, ನಿಜವೇ?

ಉತ್ತರ: ಅಂಕಿಯಲ್ಲಿ ನಿಜ. ಬಡ್ಡಿ ಶೇ. 7 ಎಂದುಕೊಳ್ಳಿ. ಕ್ಯುಮುಲೇಟಿವ್‌ ಠೇವಣಿಯಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿ, ಐದು ವರ್ಷಕ್ಕೆ ಸುಮಾರು 14.15 ಲಕ್ಷ ಕೈಸೇರುತ್ತದೆ. ಪ್ರತಿ ತಿಂಗಳು ಪಡೆದರೆ ಸುಮಾರು 5,800 ರೂಪಾಯಿ. ಅರವತ್ತು ತಿಂಗಳಿಗೆ 3.48 ಲಕ್ಷ. ಲೆಕ್ಕ ಹಾಕಿದವರಿಗೆ 5,833 ಬರಬೇಕಿತ್ತಲ್ಲ ಎನಿಸಬಹುದು. ಮೂರು ತಿಂಗಳ ಬಡ್ಡಿಯನ್ನು ಮುಂಚಿತವಾಗಿ ಕೊಡುವುದರಿಂದ ಬ್ಯಾಂಕ್‌ ಅಷ್ಟು ಕಡಿತ ಮಾಡುತ್ತದೆ.

ಅಸಲನ್ನೂ ಸೇರಿಸಿ ನೋಡಿದರೆ ಉಳಿಯುವ ಸುಮಾರು 67 ಸಾವಿರದ ವ್ಯತ್ಯಾಸ ನಿಮಗಾದ ನಷ್ಟವಲ್ಲ. ಅದು ಬಡ್ಡಿಯ ಮೇಲಿನ ಬಡ್ಡಿ. ನೀವು ಬಡ್ಡಿಯನ್ನು ಮನೆಖರ್ಚಿಗೆ ಬಳಸಿದ್ದರಿಂದ ಅದು ಬೆಳೆಯಲಿಲ್ಲ, ಅಷ್ಟೇ. ಆ ಹೆಚ್ಚುವರಿ ಬಡ್ಡಿಯ ಆಸೆಗೆ ಪೂರ್ತಿ ಹಣವನ್ನು ಕ್ಯುಮುಲೇಟಿವ್‌ನಲ್ಲಿಟ್ಟು ನಡುವೆ ಮುರಿದರೆ, ಇಟ್ಟ ಅವಧಿಯ ದರವಷ್ಟೇ ಸಿಗುತ್ತದೆ; ಸಾಮಾನ್ಯವಾಗಿ ಅದರಲ್ಲೂ ಅರ್ಧ ಅಥವಾ ಒಂದು ಶೇಕಡಾ ದಂಡವಾಗಿ ಹೋಗುತ್ತದೆ. ತೆರಿಗೆಯೂ ಐದು ವರ್ಷ ಕಾಯುವುದಿಲ್ಲ. ಬಡ್ಡಿ ಕೈಗೆ ಬಾರದಿದ್ದರೂ ಬ್ಯಾಂಕ್‌ ವರ್ಷವರ್ಷವೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು, ಮಿತಿ ದಾಟಿದರೆ ಟಿ.ಡಿ.ಎಸ್‌. ಹಿಡಿಯುತ್ತದೆ.

ಪಿಂಚಣಿ ಬಂದ ಮೇಲೂ ತಿಂಗಳಿಗೆ 3,500 ಕೊರತೆ ಬೀಳುವುದಾದರೆ, ಆರು ಲಕ್ಷವನ್ನು ಮಾಸಿಕ ಬಡ್ಡಿಗೆ ಇಡಿ. ಉಳಿದ ನಾಲ್ಕು ಲಕ್ಷವನ್ನು ಎರಡು ಕ್ಯುಮುಲೇಟಿವ್‌ ಠೇವಣಿಗಳಾಗಿ ಮಾಡಿ. ತುರ್ತು ಬಂದಾಗ ಒಂದನ್ನು ಮುರಿದರೆ ಸಾಕು. ಅರ್ಜಿಗೆ ಸಹಿ ಹಾಕುವ ಮುನ್ನ ಬಡ್ಡಿ ಪಾವತಿಯ ಕಾಲಂನಲ್ಲಿ ‘ಮಾಸಿಕ’ ಎಂದಿದೆಯೇ ನೋಡಿಕೊಳ್ಳಿ.