ಗುಂಗು ಮತ್ತು ಕೊರಗು: ಅಲೆಯುವ ಮನಸ್ಸಿನ ಎರಡು ದಾರಿ

ಕೈಯಲ್ಲಿರುವ ಕೆಲಸ ಬಿಟ್ಟು ಮನಸ್ಸು ಬೇರೆ ಕಡೆ ಹೋದರೆ ನಮ್ಮ ಕಡೆ ಎರಡು ಥರ ಹೇಳುತ್ತಾರೆ. ಒಂದು, 'ಅವನು ಏನೋ ಗುಂಗಿನಲ್ಲಿದ್ದಾನೆ.' ಇನ್ನೊಂದು, 'ಅದನ್ನೇ ಹಚ್ಚಿಕೊಂಡು ಕೊರಗುತ್ತಿದ್ದಾನೆ.' ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಕಿಟಕಿಯ ಪಕ್ಕ ಕುಳಿತಿದ್ದಾರೆ, ಕಣ್ಣು ಎಲ್ಲೋ ಇದೆ, ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಾರೆ. ಒಳಗೆ ನಡೆಯುತ್ತಿರುವುದು ಮಾತ್ರ ಬೇರೆ ಬೇರೆ. ಮನಶ್ಶಾಸ್ತ್ರಜ್ಞರು ಬಹಳ ಕಾಲ ಇವೆರಡನ್ನೂ ಒಂದೇ ಹೆಸರಿನಡಿ ಅಳೆದರು. ಹಾಗಾಗಿಯೇ ಒಂದು ಪತ್ರಿಕೆಯಲ್ಲಿ 'ಅಲೆಯುವ ಮನಸ್ಸಿಗೆ ಸುಖವಿಲ್ಲ' ಎಂದೂ ಇನ್ನೊಂದರಲ್ಲಿ 'ಅಲೆಯುವ ಮನಸ್ಸಿಗೇ ಹೊಸದು ಹೊಳೆಯುತ್ತದೆ' ಎಂದೂ ಓದುತ್ತೇವೆ.

ಇದನ್ನು ಗಮನಿಸಲು ನನಗೆ ಸಿಕ್ಕ ಜಾಗ ಚೆನ್ನೈನ ಲೋಕಲ್ ರೈಲು. ಬೀಚ್–ತಾಂಬರಂ ಮಾರ್ಗದಲ್ಲಿ 1931ರಿಂದಲೇ ವಿದ್ಯುತ್ ರೈಲು ಓಡುತ್ತಿದೆ. ನನ್ನ ಮನೆ ತಾಂಬರಂನಲ್ಲಿ, ಕೆಲಸ ಗಿಂಡಿಯಲ್ಲಿ. ನಡುವೆ ಏಳು ನಿಲ್ದಾಣ, ಸುಮಾರು ಅರ್ಧ ಗಂಟೆ. ತಾಂಬರಂನಲ್ಲೇ ಹೊರಡುವ ಗಾಡಿಯಾದರೆ ಕೂರಲು ಸೀಟು ಸಿಗುತ್ತದೆ, ಮಾಡಲು ಏನೂ ಇರುವುದಿಲ್ಲ. ದಿನಕ್ಕೆರಡು ಸಲ ಮನಸ್ಸನ್ನು ಅದರ ಪಾಡಿಗೆ ಬಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ.

ಮೊದಲು ಸುಖದ ಲೆಕ್ಕ ನೋಡೋಣ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡ್ಯಾನಿಯಲ್ ಗಿಲ್ಬರ್ಟ್ 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಬರುತ್ತಿತ್ತು. ಈಗ ಹೇಗನ್ನಿಸುತ್ತಿದೆ? ಏನು ಮಾಡುತ್ತಿದ್ದೀರಿ? ಮಾಡುತ್ತಿರುವುದನ್ನು ಬಿಟ್ಟು ಬೇರೇನನ್ನಾದರೂ ಯೋಚಿಸುತ್ತಿದ್ದೀರಾ? ಹೆಚ್ಚುಕಡಿಮೆ ಶೇ 47ರಷ್ಟು ಸಲ ಉತ್ತರ 'ಹೌದು, ಬೇರೆಲ್ಲೋ ಇದ್ದೆ' ಎಂದಿತ್ತು. ಹಾಗೆ ಬೇರೆಲ್ಲೋ ಇದ್ದಾಗ ಜನ ಒಟ್ಟಾರೆ ಕಡಿಮೆ ಸುಖವಾಗಿದ್ದರು. ಬೇಸರದ ವಿಷಯಕ್ಕೆ ಹೋದ ಮನಸ್ಸು ಕುಗ್ಗಿತ್ತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಿತವಾದ ವಿಷಯಕ್ಕೆ ಹೋದ ಮನಸ್ಸೂ ಕೆಲಸದಲ್ಲೇ ನೆಟ್ಟಿದ್ದ ಮನಸ್ಸಿಗಿಂತ ಹೆಚ್ಚು ಸುಖವಾಗಿರಲಿಲ್ಲ. ಅಂದರೆ ಹಿತವಾದ ಅಲೆದಾಟದಿಂದ ನಷ್ಟವಿಲ್ಲ, ಅಹಿತವಾದದ್ದರಿಂದ ನಷ್ಟ ದೊಡ್ಡದು. ಸರಾಸರಿ ಕೆಳಗಿಳಿಯುವುದಕ್ಕೆ ಅದೂ ಒಂದು ಕಾರಣ.

ಇನ್ನು ಹೊಳೆಯುವುದರ ಲೆಕ್ಕ. 2012ರಲ್ಲಿ ಬೆಂಜಮಿನ್ ಬೇರ್ಡ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಇಟ್ಟಿಗೆಯಂಥ ದಿನಬಳಕೆಯ ವಸ್ತುವಿನಿಂದ ಏನೇನು ಮಾಡಬಹುದು ಎಂದು ಎರಡು ನಿಮಿಷ ಬರೆಯಿಸಿ, ಆಮೇಲೆ 12 ನಿಮಿಷ ಬಿಡುವು ಕೊಟ್ಟರು. ಬಿಡುವಿನಲ್ಲಿ ಕೆಲವರಿಗೆ ಸುಲಭದ ಕೆಲಸ, ಕೆಲವರಿಗೆ ತಲೆ ತಿನ್ನುವ ಕೆಲಸ, ಕೆಲವರಿಗೆ ಸುಮ್ಮನೆ ಕೂರುವುದು. ಇನ್ನೂ ಕೆಲವರಿಗೆ ಬಿಡುವೇ ಇಲ್ಲ. ಮತ್ತೆ ಬರೆಯಿಸಿದಾಗ ಸುಲಭದ ಕೆಲಸ ಮಾಡಿದವರ ಅಂಕ ಸುಮಾರು ಶೇ 40ರಷ್ಟು ಏರಿತ್ತು. ಆದರೆ ಏರಿದ್ದು ಮೊದಲೇ ಯೋಚಿಸಿದ್ದ ವಸ್ತುಗಳಿಗೆ ಮಾತ್ರ, ಹೊಸದಾಗಿ ಕೊಟ್ಟ ವಸ್ತುಗಳಿಗೆ ಏನೂ ಲಾಭ ಆಗಲಿಲ್ಲ.

ಈ ಪ್ರಯೋಗದ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಆಮೇಲೆ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. 2022ರಲ್ಲಿ ಜ್ಯಾಕ್ ಇರ್ವಿಂಗ್ ಮತ್ತು ಜೊತೆಗಾರರು ಅದಕ್ಕೊಂದು ಉತ್ತರ ಹುಡುಕಿದರು. ಬಿಡುವಿನಲ್ಲಿ ಕೆಲವರಿಗೆ ಇಬ್ಬರು ಬಟ್ಟೆ ಮಡಚುವ ನೀರಸ ವಿಡಿಯೊ ತೋರಿಸಿದರು, ಕೆಲವರಿಗೆ ಒಂದು ಹಾಸ್ಯ ಚಿತ್ರದ ದೃಶ್ಯ. ಸ್ವಲ್ಪ ಹಿಡಿದಿಡುವ ದೃಶ್ಯ ನೋಡಿದವರಲ್ಲಿ ಮನಸ್ಸು ಅಲೆದಷ್ಟೂ ಹೊಸ ಉಪಾಯ ಹೆಚ್ಚಿತ್ತು. ಬಟ್ಟೆ ಮಡಚುವುದನ್ನು ನೋಡಿದವರಲ್ಲಿ ಆ ಸಂಬಂಧ ಕಾಣಲಿಲ್ಲ. ಪೂರ್ತಿ ಖಾಲಿಯೂ ಅಲ್ಲದ, ಪೂರ್ತಿ ಭರ್ತಿಯೂ ಅಲ್ಲದ ಹೊತ್ತು ಬೇಕು ಎಂದಾಯಿತು. ಸ್ನಾನ, ನಡಿಗೆ, ಪಾತ್ರೆ ತೊಳೆಯುವುದು, ಕಿಟಕಿ ಪಕ್ಕದ ರೈಲು ಸೀಟು ಎಲ್ಲವೂ ಇದೇ ಜಾತಿಯವು.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ತಂಡದ ತಂತ್ರಾಂಶದಲ್ಲಿ ಕೆಲವು ವ್ಯವಹಾರಗಳು ಎರಡೆರಡು ಸಲ ದಾಖಲಾಗುತ್ತಿದ್ದವು. ಸರ್ವರ್ ಉತ್ತರಿಸಲು ತಡವಾದರೆ ಈ ಕಡೆಯ ಪ್ರೋಗ್ರಾಂ ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ, ಸರ್ವರ್ ಅದನ್ನು ಹೊಸದೆಂದು ಬರೆದುಕೊಳ್ಳುತ್ತದೆ. ಎರಡು ದಿನ ಲಾಗ್ ಓದಿ ಇಷ್ಟು ಗೊತ್ತಾಗಿತ್ತು. ಕಾಯುವ ಸಮಯ ಹೆಚ್ಚಿಸಿದರೆ ಗ್ರಾಹಕರು ಸುಮ್ಮನೆ ಕಾಯಬೇಕು, ಮತ್ತೆ ಕಳಿಸುವುದನ್ನೇ ನಿಲ್ಲಿಸಿದರೆ ಕೆಲವು ವ್ಯವಹಾರ ಕಳೆದೇಹೋಗುತ್ತವೆ. ಮೂರನೇ ಬೆಳಿಗ್ಗೆ ರೈಲಿನಲ್ಲಿ ಕ್ರೋಂಪೇಟೆ ದಾಟುವಾಗ ಟಿಕೆಟ್ ಪರೀಕ್ಷಕರು ನನ್ನ ಸೀಸನ್ ಟಿಕೆಟ್ ನೋಡಿದರು. ಪಲ್ಲಾವರಂನಲ್ಲಿ ಹತ್ತಿದ ಇನ್ನೊಬ್ಬರು ಮತ್ತೆ ಕೇಳಿದರು. ಎಷ್ಟು ಸಲ ತೋರಿಸಿದರೂ ಸಂಖ್ಯೆ ಒಂದೇ, ಪ್ರಯಾಣ ಒಂದೇ. ತ್ರಿಶೂಲಂ ನಿಲ್ದಾಣದಲ್ಲಿ ಎದುರಿನ ವಿಮಾನ ನಿಲ್ದಾಣ ನೋಡುತ್ತಿದ್ದಾಗ ಆ ಸಂಖ್ಯೆ ನಮ್ಮ ಕೋರಿಕೆಗೆ ಬಂದು ಅಂಟಿಕೊಂಡಿತು. ಪ್ರತಿ ಕೋರಿಕೆಗೂ ಹುಟ್ಟುವಾಗಲೇ ಒಂದು ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ತಿರುಗಿ ಕೊಡಬೇಕು. ಇದೇನೂ ಹೊಸ ಸಂಶೋಧನೆಯಲ್ಲ, ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಉಪಾಯವೇ. ಆದರೆ ಆ ಎರಡು ದಿನ ಮೇಜಿನ ಮುಂದೆ ಅದು ಹತ್ತಿರ ಸುಳಿದಿರಲಿಲ್ಲ.

ಇಲ್ಲಿ ನಡೆದ ಕ್ರಮ ಗಮನಿಸಿ. ಮೊದಲು ಎರಡು ದಿನದ ದುಡಿಮೆ, ನಂತರ ಬಿಡುವು, ಆಮೇಲೆ ಹೊಳೆದದ್ದು. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ ತನ್ನ ದೊಡ್ಡ ಹೊಳಹಿನ ಬಗ್ಗೆ 1908ರಲ್ಲಿ ಹೇಳಿದ್ದೂ ಇದೇ ಕ್ರಮವನ್ನೇ. ತಿಂಗಳರ್ಧ ಸಮಸ್ಯೆಯ ಜೊತೆ ಗುದ್ದಾಡಿ, ಪ್ರವಾಸಕ್ಕೆ ಹೊರಟು, ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಉತ್ತರ ಹೊಳೆಯಿತಂತೆ. ತುಂಬದೆ ಬಿಟ್ಟ ತಲೆಯಲ್ಲಿ ಏನೂ ಹೊಳೆಯುವುದಿಲ್ಲ ಎಂದು ಅವನೂ ಎಚ್ಚರಿಸಿದ್ದ. ಹೊಳೆದದ್ದನ್ನು ಆಮೇಲೆ ಕೂತು ಪರೀಕ್ಷಿಸಲೇಬೇಕು ಎಂದೂ ಹೇಳಿದ್ದ.

ಈಗ ಅದೇ ರೈಲಿನ ಸಂಜೆಯ ಗಾಡಿ. ಆ ಕೆಲಸ ಮುಗಿದ ದಿನದ ಮೀಟಿಂಗಿನಲ್ಲಿ ಮೇಲಿನವರೊಬ್ಬರು 'ಇಷ್ಟಕ್ಕೆ ಮೂರು ದಿನ ಬೇಕಿತ್ತಾ?' ಎಂದರು. ಸೇಂಟ್ ಥಾಮಸ್ ಮೌಂಟ್ ಬರುವಷ್ಟರಲ್ಲಿ ನಾನು ಅವರಿಗೆ ಒಂದು ಉತ್ತರ ಕೊಟ್ಟಿದ್ದೆ, ಮನಸ್ಸಿನಲ್ಲಿ. ಪಳವಂತಾಂಗಲ್‌ನಲ್ಲಿ ಅದೇ ಉತ್ತರ ಇನ್ನೂ ಖಾರವಾಗಿ. ಮೀನಂಬಾಕ್ಕಂನಲ್ಲಿ ಮತ್ತೆ ಅವರ ಮಾತು, ಮತ್ತೆ ನನ್ನ ಉತ್ತರ. ತಾಂಬರಂನಲ್ಲಿ ಇಳಿಯುವಾಗ ಕುತ್ತಿಗೆ ಬಿಗಿದಿತ್ತು. ಹೊಸದೊಂದು ವಿಚಾರವೂ ಹುಟ್ಟಿರಲಿಲ್ಲ. ಅಷ್ಟೇ ಹೊತ್ತು, ಅಂಥದ್ದೇ ಸೀಟು, ಬೆಳಿಗ್ಗೆಯಷ್ಟೇ ಅಲೆದ ಮನಸ್ಸು.

ಇದನ್ನು ಬಹುಕಾಲ ಅಧ್ಯಯನ ಮಾಡಿದವರು ಅಮೆರಿಕದ ಸೂಸನ್ ನೋಲೆನ್-ಹೋಕ್ಸೆಮಾ. ಬೇಸರ ಬಂದಾಗ ಪರಿಹಾರದ ಕಡೆ ಹೋಗದೆ ಬೇಸರದ ಸುತ್ತಲೇ ತಿರುಗುವ ಯೋಚನೆ ಬೇಸರವನ್ನು ಉದ್ದ ಎಳೆಯುತ್ತದೆ ಎಂದು ಅವರು ತೋರಿಸಿದರು. ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರಿನ ಮೂಲ ಅರ್ಥ ಹಸುವಿನ ಮೆಲುಕು. ಕನ್ನಡದಲ್ಲಿ ಮೆಲುಕು ಹಾಕುವುದು ಸವಿ ನೆನಪನ್ನು. ಕಹಿಯನ್ನು ನಾವು ಮೆಲುಕು ಹಾಕುವುದಿಲ್ಲ, ಕೊರಗುತ್ತೇವೆ. ಮೋಸ ಏನೆಂದರೆ ಕೊರಗು ಒಳಗಿನಿಂದ ಕೆಲಸದ ಹಾಗೆಯೇ ಕಾಣುತ್ತದೆ. 'ಸಮಸ್ಯೆ ಬಗೆಹರಿಸುತ್ತಿದ್ದೇನೆ' ಅನ್ನಿಸುತ್ತದೆ. ಇದಕ್ಕೆ ಇನ್ನೊಂದು ಸುಳಿಯೂ ಇದೆ. ಮನಸ್ಸು ಮೊದಲೇ ಕುಗ್ಗಿದ್ದರೆ ಅದು ಹೆಚ್ಚಾಗಿ ಹಿಂದೆ ನಡೆದದ್ದರ ಕಡೆಗೇ ಹೋಗುತ್ತದೆ ಎಂದು ಜೊನಾಥನ್ ಸ್ಮಾಲ್‌ವುಡ್ ಅವರ 2011ರ ಅಧ್ಯಯನ ಹೇಳಿತು. ಕುಗ್ಗಿದ ಮನಸ್ಸು ಹಿಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹೋದ ಮನಸ್ಸು ಕುಗ್ಗುತ್ತದೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ತಾಗುವ ಒಂದು ಮಾತು ಇಲ್ಲಿದೆ. ಜರ್ಮನಿಯ ಲೈಪ್ಸಿಗ್‌ನ ತಂಡವೊಂದು 2013ರಲ್ಲಿ ಯೋಚನೆಗೂ ಅದರ ನಂತರದ ಮನಸ್ಥಿತಿಗೂ ಇರುವ ಸಂಬಂಧವನ್ನು ಅಳೆಯಿತು. ಹಿಂದಿನ ದಿನಗಳ ಮತ್ತು ಬೇರೆಯವರ ಬಗೆಗಿನ ಯೋಚನೆಯ ನಂತರ, ಆ ಯೋಚನೆ ಹಿತವಾಗಿದ್ದರೂ, ಮನಸ್ಸು ತುಸು ಇಳಿಯುತ್ತಿತ್ತು. ಮುಂದಿನದರ ಮತ್ತು ತನ್ನ ಬಗೆಗಿನ ಯೋಚನೆಯ ನಂತರ ಏರುತ್ತಿತ್ತು, ಅದು ಅಹಿತವಾಗಿದ್ದರೂ. ಪ್ರಯೋಗಶಾಲೆಯ ಮಾತು ಇದು, ಊರನ್ನು ನೆನೆಯಬೇಡಿ ಎಂದು ಇದರ ಅರ್ಥವಲ್ಲ. ಆದರೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ, ಹಿತ್ತಲಿನ ಮಾವಿನ ಮರ ನೆನೆದು, ಖುಷಿಯ ನೆನಪಿನ ಕೊನೆಗೆ ಯಾಕೋ ಮಂಕಾಗುವುದು ನಿಮಗೂ ಗೊತ್ತಿರಬಹುದು. ನನ್ನ ಮಟ್ಟಿಗೆ 'ದೀಪಾವಳಿಗೆ ಹೋದಾಗ ಆ ಮರದ ಕೊಂಬೆ ಕಡಿಸಬೇಕು' ಎಂದು ನೆನಪನ್ನು ಮುಂದಕ್ಕೆ ತಿರುಗಿಸಿದರೆ ಆ ಮಂಕು ಕಡಿಮೆ.

ಗುಂಗೋ ಕೊರಗೋ ಎಂದು ತಿಳಿಯಲು ನಾನು ಹತ್ತು ದಿನ ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ದಿನಕ್ಕೆ ನಾಲ್ಕು ಅಲಾರಾಂ ಇಟ್ಟುಕೊಂಡೆ. ಗಾಡಿ ಓಡಿಸುವ ಹೊತ್ತನ್ನು ಬಿಟ್ಟೆ. ಅಲಾರಾಂ ಬಾರಿಸಿದಾಗ ಮೂರು ಪ್ರಶ್ನೆ. ಐದು ನಿಮಿಷದ ಹಿಂದೆ ಇದ್ದ ಯೋಚನೆಗಿಂತ ಇದು ಮುಂದೆ ಸಾಗಿದೆಯೇ, ಅಥವಾ ಅದೇ ವಾಕ್ಯವೇ? ಇದು ಹಿಂದಿನದೋ ಮುಂದಿನದೋ? ಮೈ ಸಡಿಲವಿದೆಯೇ, ಹಲ್ಲು ಕಚ್ಚಿದೆಯೇ? ಮೊದಲ ಪ್ರಶ್ನೆಯೊಂದೇ ಹೆಚ್ಚಿನ ಸಲ ಸಾಕಾಯಿತು. ಗುಂಗು ಊರು ಸುತ್ತುತ್ತದೆ, ಕೊರಗು ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತದೆ.

ಗುಂಗಾದರೆ ಅದನ್ನು ಕಾಯಬೇಕು, ಅಂದರೆ ಫೋನ್ ತೆಗೆಯಬಾರದು. ರೀಲ್ಸ್ ತಲೆಯನ್ನು ಪೂರ್ತಿ ತುಂಬುತ್ತವೆ, ಅಲೆಯಲು ಜಾಗ ಉಳಿಯುವುದಿಲ್ಲ. ಹೊಳೆದದ್ದನ್ನು ಬರೆದಿಟ್ಟುಕೊಳ್ಳಲು ಮಾತ್ರ ಫೋನ್. ಕೊರಗಾದರೆ ಇದರ ತಿರುಗುಮುರುಗು. ಆಗ ಬಿಡುವೇ ಅಪಾಯ, ತಲೆ ತುಂಬಬೇಕು. ಸಂಜೆ ಅಂಥ ಸುಳಿ ಶುರುವಾದರೆ ನಾನು ಪದಬಂಧ ಬಿಡಿಸುತ್ತೇನೆ, ಇಲ್ಲವೇ ಪಕ್ಕದವರ ಜೊತೆ ನನ್ನ ಹರಕು ತಮಿಳಿನಲ್ಲಿ ಮಾತಿಗಿಳಿಯುತ್ತೇನೆ. ಪರಭಾಷೆಯಲ್ಲಿ ವಾಕ್ಯ ಜೋಡಿಸುವಾಗ ಮೇಲಿನವರ ಮಾತಿಗೆ ತಲೆಯಲ್ಲಿ ಜಾಗವಿರುವುದಿಲ್ಲ. ವಿಷಯ ನಿಜಕ್ಕೂ ಬಗೆಹರಿಯಬೇಕಾದ್ದಾದರೆ ಮರುದಿನ ಯಾರ ಹತ್ತಿರ ಏನು ಕೇಳಬೇಕು ಎಂದು ಒಂದೇ ಸಾಲು ಬರೆದಿಡುತ್ತೇನೆ.

ಇದಕ್ಕೊಂದು ಮಿತಿಯಿದೆ. ಸುಳಿ ಎರಡು ವಾರ ಬಿಡದೆ ಹಿಡಿದಿದ್ದರೆ, ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಬೇಡವೆನಿಸಿದರೆ ಪದಬಂಧದಿಂದ ಆಗುವ ಕೆಲಸವಲ್ಲ ಅದು. ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಪರಊರಿನಲ್ಲಿ ಇಂಗ್ಲಿಷಿನಲ್ಲಿ ಕೆಲಸ ಮಾಡಬಹುದು, ತಮಿಳಿನಲ್ಲಿ ತರಕಾರಿ ಕೊಳ್ಳಬಹುದು. ಕೊರಗನ್ನು ಹೇಳಿಕೊಳ್ಳಲು ಮಾತ್ರ ಅದು ಹುಟ್ಟಿದ ಭಾಷೆಯೇ ಸಲೀಸು.