ಬಿಲ್ಲು 2,150, ಮಂದಿ ಐದು: ಯಾರ ಪಾಲು ಎಷ್ಟು?

ತೆಕ್ಕಲಕೋಟೆಯಲ್ಲಿ ಮಂಡಕ್ಕಿ-ಮಿರ್ಚಿ ತಿಂದಾಗ ಲೆಕ್ಕದ ತಕರಾರೇ ಬರೋದಿಲ್ಲ. ಈ ಸಲ ನಾನು, ಮುಂದಿನ ಸಲ ನೀನು, ಅಷ್ಟೇ. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಬಳ್ಳಾರಿಗೆ ಹೋಗಿ ಎಸಿ ರೆಸ್ಟೋರೆಂಟ್‌ನಲ್ಲಿ ಕೂತರೆ ಮಾತ್ರ ಕಥೆ ಬೇರೆ. ಒಬ್ಬ ಫೋನ್‌ನಲ್ಲಿ ಹಣ ಕಟ್ಟುತ್ತಾನೆ, ಬಿಲ್ಲಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಕೆಳಗೆ ಒಂದೇ ಸಾಲು: "ಐದು ಮಂದಿ, ಐದು ಪಾಲು, ತಲಾ 430 ಹಾಕ್ರಲೇ."

ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ತಿಂದಿದ್ದರೆ ಇದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಗುಂಪಿನಲ್ಲಿ ಒಬ್ಬ ಇನ್ನೂ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ, ಸಂಬಳ ಇಲ್ಲ. ಅದಕ್ಕೇ ಅವನು ನೋಡಿಕೊಂಡು ಮೊಸರನ್ನ ಹೇಳುತ್ತಾನೆ. ಅವನಿಗೂ ಬಿರಿಯಾನಿ, ಕಬಾಬ್, ಐಸ್‌ಕ್ರೀಮ್ ತಿಂದವರಿಗೂ ಒಂದೇ ಪಾಲು ಬಂದರೆ ಅವನು ಜಗಳ ಆಡೋದಿಲ್ಲ. ಮುಂದಿನ ಸಲ "ಬೇರೆ ಕೆಲಸ ಐತಿ" ಅಂತ ಹೇಳಿ ಬರೋದನ್ನೇ ಬಿಡುತ್ತಾನೆ. ಲೆಕ್ಕ ಸರಿ ಇರಬೇಕು ಅನ್ನೋದು ಇಂಥವರಿಗಾಗಿ.

ನಿಜವಾಗಿ ನೋಡಿದರೆ ಇದು ಐದು ನಿಮಿಷದ ಕೆಲಸ. ಒಂದು ಬಿಲ್ಲನ್ನೇ ಹಿಡಿದು ಮಾಡಿ ನೋಡೋಣ.

ಬಿಲ್ಲಿನಲ್ಲಿ ಏನಿತ್ತು

ತಿಂದವರು ಐದು ಜನ: ರೈಸ್ ಮಿಲ್ಲಿನವನು, ಬ್ಯಾಂಕಿನವಳು, ಮೇಷ್ಟ್ರು, ಓದುತ್ತಿರುವವನು, ಮತ್ತೆ ನಾನು. ಬಿಲ್ಲು ಹೀಗಿತ್ತು:

- ಚಿಕನ್ ಕಬಾಬ್ 1: ₹300
- ಚಿಕನ್ ಬಿರಿಯಾನಿ 2 (ತಲಾ 260): ₹520
- ಪನ್ನೀರ್ ಟಿಕ್ಕಾ 1: ₹280
- ರೋಟಿ 5 (ತಲಾ 40): ₹200
- ಪನ್ನೀರ್ ಬಟರ್ ಮಸಾಲ 1: ₹290
- ಮೊಸರನ್ನ 1: ₹120
- ನೀರಿನ ಬಾಟಲಿ 2 (ತಲಾ 30): ₹60
- ಐಸ್‌ಕ್ರೀಮ್ 2 (ತಲಾ 90): ₹180

ಊಟದ ಒಟ್ಟು 1,950. ಅದರ ಮೇಲೆ ಶೇ 5 ಸರ್ವಿಸ್ ಚಾರ್ಜ್ 97.50. ಆಮೇಲೆ ಸಿಜಿಎಸ್‌ಟಿ 51.19, ಎಸ್‌ಜಿಎಸ್‌ಟಿ 51.19. ಕೊನೆಗೆ 12 ಪೈಸೆ ಸೇರಿಸಿ ಪೂರ್ಣ ಮೊತ್ತ 2,150.

ಪಾಲು ಹಾಕುವ ಮೊದಲು ಸ್ಕ್ರೀನ್‌ಶಾಟ್ ಸರಿಯಾಗಿ ಓದಿದ್ದೀವಾ ಅಂತ ನೋಡಿಕೊಳ್ಳಬೇಕು. ಥರ್ಮಲ್ ಪ್ರಿಂಟಿನ ಫೋಟೋದಲ್ಲಿ 3 ಮತ್ತು 8, 1 ಮತ್ತು 7 ಒಂದೇ ಥರ ಕಾಣುತ್ತವೆ. ಅದಕ್ಕಿಂತ ಹೆಚ್ಚಾಗಿ ಆಗೋದು, ದರದ ಕಾಲಂನ ಅಂಕಿಯನ್ನೇ ಮೊತ್ತ ಅಂತ ಓದಿಬಿಡೋದು. ಪರೀಕ್ಷೆ ಸುಲಭ: ನೀವು ಬರೆದುಕೊಂಡ ಸಾಲುಗಳನ್ನೆಲ್ಲ ಕೂಡಿಸಿ, ಬಿಲ್ಲಿನ Sub Total ಜೊತೆ ತಾಳೆ ನೋಡಿ. ತಾಳೆ ಆಗದಿದ್ದರೆ ವ್ಯತ್ಯಾಸವೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಸರಿಯಾಗಿ 260 ಕಡಿಮೆ ಬಂದರೆ ಎರಡು ಬಿರಿಯಾನಿಯನ್ನು ಒಂದೇ ಅಂತ ಓದಿದ್ದೀರಿ. 120 ಕಡಿಮೆ ಬಂದರೆ ಮೊಸರನ್ನದ ಸಾಲೇ ಬಿಟ್ಟುಹೋಗಿದೆ.

ಮೊದಲು ತಿಂಡಿ, ಆಮೇಲೆ ತೆರಿಗೆ

ಮೊದಲ ಹೆಜ್ಜೆಯಲ್ಲಿ ತೆರಿಗೆಯನ್ನು ಮರೆತುಬಿಡಿ. ಪ್ರತಿ ತಿನಿಸನ್ನೂ ತಿಂದವರಿಗೆ ಮಾತ್ರ ಹಂಚಿ. ಟಿಕ್ಕಾ ಐದೂ ಜನ ತಿಂದರು, ಹಾಗಾಗಿ ತಲಾ 56. ನೀರೂ ಐವರಿಗೆ, ತಲಾ 12. ಕಬಾಬ್ ತಿಂದದ್ದು ಮಿಲ್ಲಿನವನು ಮತ್ತು ನಾನು, ತಲಾ 150. ಬಟರ್ ಮಸಾಲ ಮೇಷ್ಟ್ರು ಮತ್ತು ಬ್ಯಾಂಕಿನವಳಿಗೆ, ತಲಾ 145. ರೋಟಿಯನ್ನು ತಲೆ ಎಣಿಸಿ ಹಂಚೋದಲ್ಲ, ರೋಟಿ ಎಣಿಸಿ ಹಂಚಬೇಕು: ಮೇಷ್ಟ್ರು ಎರಡು, ಆಕೆ ಮೂರು. ಐಸ್‌ಕ್ರೀಮ್ ಮಿಲ್ಲಿನವನಿಗೊಂದು, ಆಕೆಗೊಂದು. ಬಿರಿಯಾನಿ ನನಗೊಂದು, ಮಿಲ್ಲಿನವನಿಗೊಂದು. ಮೊಸರನ್ನ ಓದುತ್ತಿರುವವನದು.

ಹೀಗೆ ಹಂಚಿದರೆ ಮಿಲ್ಲಿನವನಿಗೆ 568, ನನಗೆ 478, ಆಕೆಗೆ 423, ಮೇಷ್ಟ್ರಿಗೆ 293, ಓದುತ್ತಿರುವವನಿಗೆ 188. ಐದನ್ನೂ ಕೂಡಿಸಿದರೆ ಮತ್ತೆ 1,950 ಬರಲೇಬೇಕು. ಬಂತು.

ಉಳಿದದ್ದು ಮೇಲಿನ 200 ರೂಪಾಯಿ. ಬಹಳ ಜನ ಎಡವೋದು ಇಲ್ಲೇ. "ತಿಂಡಿ ಅವರವರದು, ಟ್ಯಾಕ್ಸ್ ಎಲ್ಲರಿಗೂ ಸಮ" ಅಂತ ತಲಾ 40 ಹಾಕುತ್ತಾರೆ. ಕೇಳೋಕೆ ನ್ಯಾಯ ಅನಿಸುತ್ತದೆ, ಆದರೆ ಅಲ್ಲ. ಸರ್ವಿಸ್ ಚಾರ್ಜ್ ಊಟದ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಬಂದದ್ದು. ಜಿಎಸ್‌ಟಿಯೂ ಹಾಗೇ. 260ರ ಬಿರಿಯಾನಿ ಹುಟ್ಟಿಸಿದ ತೆರಿಗೆಗೆ 120ರ ಮೊಸರನ್ನ ತಿಂದವನು ಯಾಕೆ ಕೊಡಬೇಕು?

ಇನ್ನೊಂದು ತಪ್ಪು, ಶೇ 5 ಮತ್ತು ಶೇ 5 ಸೇರಿಸಿ ಶೇ 10 ಅಂದುಕೊಳ್ಳೋದು. ಜಿಎಸ್‌ಟಿ ಬೀಳೋದು ಊಟದ ಮೇಲಷ್ಟೇ ಅಲ್ಲ, ಊಟ ಮತ್ತು ಸರ್ವಿಸ್ ಚಾರ್ಜ್ ಸೇರಿದ 2,047.50ರ ಮೇಲೆ. ಅದಕ್ಕೆ ಒಟ್ಟು ಹೆಚ್ಚಳ ಶೇ 10.25 ಆಗುತ್ತದೆ.

ಈ ಶೇಕಡಾ ತಲೆನೋವನ್ನು ಒಂದೇ ಭಾಗಾಕಾರ ಮುಗಿಸುತ್ತದೆ. ಕೊನೆಗೆ ಕಟ್ಟಿದ ಮೊತ್ತವನ್ನು ಊಟದ ಒಟ್ಟಿನಿಂದ ಭಾಗಿಸಿ: 2,150 ÷ 1,950 = 1.10256. ಪ್ರತಿಯೊಬ್ಬರ ತಿಂಡಿಯ ಮೊತ್ತವನ್ನು ಇದರಿಂದ ಗುಣಿಸಿ. ಸರ್ವಿಸ್ ಚಾರ್ಜ್, ಎರಡೂ ತೆರಿಗೆ, ಪೈಸೆಯ ಹೊಂದಾಣಿಕೆ ಎಲ್ಲವೂ ಇದರೊಳಗೇ ಸೇರಿಹೋಗಿವೆ.

- ಮಿಲ್ಲಿನವನು: 626.26
- ನಾನು: 527.03
- ಬ್ಯಾಂಕಿನವಳು: 466.38
- ಮೇಷ್ಟ್ರು: 323.05
- ಓದುತ್ತಿರುವವನು: 207.28

ಪೈಸೆ ತೆಗೆದರೆ 626, 527, 466, 323, 207. ಕೂಡಿಸಿದರೆ 2,149, ಒಂದು ರೂಪಾಯಿ ಕಡಿಮೆ. ಆ ರೂಪಾಯಿಯನ್ನು ಅತಿ ಹೆಚ್ಚು ಪೈಸೆ ಕಳೆದುಕೊಂಡ ಪಾಲಿಗೆ ಸೇರಿಸಿದರೆ ಸಾಕು. ಇಲ್ಲಿ ಅದು 38 ಪೈಸೆಯ ಪಾಲು, ಅಂದರೆ ಆಕೆಗೆ 467.

ಈಗ ಮೂರೂ ಲೆಕ್ಕವನ್ನು ಹೋಲಿಸಿ ನೋಡಿ. ಸಮಪಾಲಾದರೆ ಓದುತ್ತಿರುವವನು 430 ಕೊಡಬೇಕಿತ್ತು, ಅವನ ನಿಜವಾದ ಪಾಲಿನ ಎರಡು ಪಟ್ಟಿಗಿಂತ ಹೆಚ್ಚು. ತೆರಿಗೆ ಮಾತ್ರ ಸಮ ಮಾಡಿದರೆ 228. ಸರಿಯಾದ ಲೆಕ್ಕದಲ್ಲಿ 207.

ಶೀಟ್‌ನಲ್ಲಿ ಮೂರು ಸೂತ್ರ

ಗುಂಪು ದೊಡ್ಡದಾದರೆ ಫೋನ್‌ನಲ್ಲೇ ಗೂಗಲ್ ಶೀಟ್ಸ್ ತೆರೆಯಿರಿ. A ಕಾಲಂನಲ್ಲಿ ತಿನಿಸು, Bಯಲ್ಲಿ ಮೊತ್ತ, Cಯಿಂದ Gವರೆಗೆ ಐದು ಹೆಸರು. ತಿಂದವರ ಕೆಳಗೆ 1 ಹಾಕಿ, ತಿನ್ನದವರದ್ದು ಖಾಲಿ ಬಿಡಿ. ರೋಟಿಯ ಸಾಲಿನಲ್ಲಿ ಎಷ್ಟು ರೋಟಿಯೋ ಅಷ್ಟು, ಅಂದರೆ 2 ಮತ್ತು 3. ನಮ್ಮ ಬಿಲ್ಲಿನ ಎಂಟು ತಿನಿಸು 2ರಿಂದ 9ನೇ ಸಾಲಿನವರೆಗೆ ಬರುತ್ತವೆ. B10ರಲ್ಲಿ ಊಟದ ಒಟ್ಟು, B11ರಲ್ಲಿ ಕಟ್ಟಿದ ಪೂರ್ಣ ಮೊತ್ತ ಬರೆಯಿರಿ. ಆಮೇಲೆ H2, C10, C11ರಲ್ಲಿ ಕ್ರಮವಾಗಿ ಇವು:

```
=SUM(C2:G2)
=SUMPRODUCT($B$2:$B$9,C2:C9/$H$2:$H$9)
=ROUND(C10*$B$11/$B$10,0)
```

ಮೊದಲನೆಯದನ್ನು H9ರವರೆಗೆ ಕೆಳಕ್ಕೆ, ಉಳಿದೆರಡನ್ನು Gವರೆಗೆ ಪಕ್ಕಕ್ಕೆ ಎಳೆದರೆ ಮುಗೀತು. `#DIV/0!` ಅಂತ ಕಂಡರೆ ಯಾವುದೋ ತಿನಿಸಿಗೆ ತಿಂದವರೇ ಇಲ್ಲ, ಅಂದರೆ ಗುರುತು ಹಾಕೋದು ಮರೆತಿದೆ ಅಂತ ಅರ್ಥ.

ಒಂದೇ ಗುಣಕ ಎಲ್ಲಿ ಕೆಲಸ ಮಾಡಲ್ಲ

ಇಡೀ ಬಿಲ್ಲಿಗೆ ಶೇ 10 ರಿಯಾಯಿತಿ ಸಿಕ್ಕರೆ ಏನೂ ಬದಲಾಗದು, ಗುಣಕ ತಾನೇ ಇಳಿಯುತ್ತದೆ. ಆದರೆ ಒಂದೇ ತಿನಿಸಿಗೆ ರಿಯಾಯಿತಿ ಇದ್ದರೆ ಅದನ್ನು ಮೊದಲೇ ಆ ಸಾಲಿನಿಂದ ಕಳೆಯಬೇಕು. ಇಲ್ಲದಿದ್ದರೆ ಬಿರಿಯಾನಿಯ ಆಫರ್ ಮೊಸರನ್ನಕ್ಕೂ ಹೋಗುತ್ತದೆ.

ಮದ್ಯ ಇದ್ದ ಬಿಲ್ಲು ಇನ್ನೊಂದು. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರೋದಿಲ್ಲ, ಹಾಗಾಗಿ ಊಟದ ಜಿಎಸ್‌ಟಿಯನ್ನು ಬಿಯರ್ ಮೇಲೆ ಹರಡಬಾರದು. ಹರಡಿದರೆ ಊಟ ಮಾತ್ರ ಮಾಡಿದವರಿಗೆ ಲಾಭ, ಕುಡಿದವರಿಗೆ ನಷ್ಟ. ಬಿಲ್ಲನ್ನು ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ಗುಣಕ ತೆಗೆಯಿರಿ.

ಹಂಚುವ ಮೊದಲು ಕೇಳಬಹುದಾದ ಪ್ರಶ್ನೆ

ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಬಿಡೋಕಾಗಲ್ಲ. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಅದು ಶೇ 5, ಎರಡೂವರೆಯಂತೆ ಎರಡು ಸಾಲಾಗಿ ಬರುತ್ತದೆ. ಸರ್ವಿಸ್ ಚಾರ್ಜ್ ಮಾತ್ರ ಹೋಟೆಲಿನವರದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ರೆಸ್ಟೋರೆಂಟ್ ಸಂಘಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಹಾಗಾಗಿ ಹಣ ಕಟ್ಟುವ ಮೊದಲೇ "ಸರ್ವಿಸ್ ಚಾರ್ಜ್ ತೆಗೀರಿ ಸರ್" ಅಂತ ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ತೆಗೆದರೆ ಅದರ ಮೇಲಿನ ಜಿಎಸ್‌ಟಿಯೂ ಹೋಗಬೇಕು. ನಮ್ಮ ಬಿಲ್ಲು 2,047.50ಕ್ಕೆ, ಅಂದರೆ 2,048ಕ್ಕೆ ಇಳಿಯಬೇಕು. 97.50 ಕಳೆದು 2,052.50 ಅಂತ ಕೊಟ್ಟರೆ ತೆರಿಗೆಯನ್ನು ಮತ್ತೆ ಲೆಕ್ಕ ಹಾಕಿಲ್ಲ ಅಂತ ಗೊತ್ತಾಗುತ್ತದೆ. ಸಪ್ಲೈಯರ್ ಕೈಗೆ ಟಿಪ್ಸ್ ಕೊಡೋದು ಬಿಡೋದು ನಿಮ್ಮಿಷ್ಟ.

ಜಿಎಸ್‌ಟಿ ಹಾಕಿದ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ಅಂತಲೂ ನೋಡಿ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲಿನವರು ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗಿರಾಕಿಯ ಬಿಲ್ಲಿಗೆ ಬೇರೆಯಾಗಿ ಹಾಕುವಂತಿಲ್ಲ. ಅಂಥ ಕಡೆ ಗುಣಕವೇ ಬೇಡ, ತಿಂದ ಮೊತ್ತವೇ ಪಾಲು.

ಯಾರು ಏನು ತಿಂದರು ಅನ್ನೋದನ್ನು ಮಾತ್ರ ಟೇಬಲ್ ಬಿಟ್ಟು ಏಳೋ ಮೊದಲೇ ಗುರುತು ಹಾಕಿಕೊಳ್ಳಿ. ಮರುದಿನ ಕಬಾಬ್ ತಿಂದವರು ಯಾರೂ ಸಿಗೋದಿಲ್ಲ. ಗ್ರೂಪಿಗೆ ಬರೀ ಮೊತ್ತ ಕಳಿಸದೆ ಶೀಟ್ ಸಮೇತ ಕಳಿಸಿ. 207 ಹೇಗೆ ಬಂತು, 626 ಹೇಗೆ ಬಂತು ಅಂತ ಎಲ್ಲರಿಗೂ ಕಂಡರೆ "ನಾನು ಅಷ್ಟು ತಿಂದಿಲ್ಲ" ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿ ಬರೋದಿಲ್ಲ.