ಸಿಪ್ಪೆಗೆ ಹೋದ ತೂಕದ ಲೆಕ್ಕ

ಮದುವೆ ಮನೆಯ ಸಾಮಾನು ಪಟ್ಟಿಯಲ್ಲಿ ತರಕಾರಿಯ ಮುಂದೆ ಬರೆದಿರುವ ಕಿಲೋ ಯಾವುದು? ಮಾರುಕಟ್ಟೆಯಲ್ಲಿ ತೂಗಿ ಕೊಡುವ ಇಡೀ ಕಾಯಿಯದೋ, ಕೊಪ್ಪರಿಗೆಗೆ ಬೀಳುವ ಹೋಳಿನದೋ? ಅನುಭವಿ ಅಡುಗೆಯವರಿಗೆ ಇದು ಕೈ ಅಂದಾಜಿನಲ್ಲೇ ಗೊತ್ತಿರುತ್ತದೆ. ಮೊದಲ ಬಾರಿಗೆ ಮನೆಯ ಸಮಾರಂಭಕ್ಕೆ ತಾವೇ ತರಕಾರಿ ತರಲು ಹೊರಟವರು ಮಾತ್ರ ಇಲ್ಲಿಯೇ ಎಡವುತ್ತಾರೆ. ಬಡಿಸುವ ಹೊತ್ತಿಗೆ ಹುಳಿಯಲ್ಲಿ ಹೋಳು ಸಾಲದೆ ಹೋಗುವುದಕ್ಕೆ ಎಷ್ಟೋ ಸಲ ಈ ಎರಡು ಕಿಲೋಗಳನ್ನು ಒಂದೇ ಎಂದು ತಿಳಿದದ್ದೇ ಕಾರಣ.

ಒಂದು ಉದಾಹರಣೆ ನೋಡೋಣ. 300 ಎಲೆಯ ಊಟಕ್ಕೆ ಬೂದುಗುಂಬಳದ ಮಜ್ಜಿಗೆ ಹುಳಿ ಆಗಬೇಕು. ಎಲೆಗೆ 50 ಗ್ರಾಂ ಹೋಳು ಎಂದಿಟ್ಟುಕೊಂಡರೆ ಬೇಕಾದದ್ದು 15 ಕಿಲೋ ಹೋಳು. ಬೂದುಗುಂಬಳದ ದಪ್ಪ ಸಿಪ್ಪೆ ಹೋಗುತ್ತದೆ, ನಡುವಿನ ಮೆತ್ತನೆಯ ತಿರುಳು ಬೀಜದ ಸಮೇತ ಹೋಗುತ್ತದೆ. 6 ಕಿಲೋ ತೂಗುವ ಒಂದು ಕಾಯಿಯಲ್ಲಿ ಹೋಳಾಗಿ ಉಳಿಯುವುದು ಸುಮಾರು 4 ಕಿಲೋ. ಅಂದರೆ ಕೊಂಡ ತೂಕದಲ್ಲಿ ಮೂರನೆಯ ಒಂದು ಭಾಗ ಒಲೆಯ ಹತ್ತಿರಕ್ಕೂ ಬರುವುದಿಲ್ಲ.

ಇಷ್ಟು ಗೊತ್ತಿದ್ದವರೂ ಮುಂದಿನ ಹೆಜ್ಜೆಯಲ್ಲಿ ತಪ್ಪುವುದುಂಟು. ‘ಮೂರನೆಯ ಒಂದು ಭಾಗ ಹೋಗುತ್ತದಲ್ಲ, 15 ಕಿಲೋಗೆ ಅದರ ಮೂರನೆಯ ಒಂದು ಭಾಗ, 5 ಕಿಲೋ ಸೇರಿಸಿ 20 ಕಿಲೋ ತರೋಣ’ ಎಂದು ಲೆಕ್ಕ ಹಾಕುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ 20 ಕಿಲೋ ಕಾಯಿಯಿಂದ ಸಿಗುವ ಹೋಳು ಸುಮಾರು 13.4 ಕಿಲೋ ಮಾತ್ರ. ಕೊರತೆ 1.6 ಕಿಲೋ, ಅಂದರೆ ಮೂವತ್ತಕ್ಕೂ ಹೆಚ್ಚು ಎಲೆಗಳ ಪಾಲು. ನಷ್ಟ ಆಗುವುದು ಕೊಂಡ ಇಡೀ ತೂಕದ ಮೇಲೆ. ಇವರು ಅದನ್ನು ಬೇಕಾದ ಹೋಳಿನ ತೂಕದ ಮೇಲೆ ಲೆಕ್ಕ ಹಾಕಿದರು. ಹೆಚ್ಚುವರಿಯಾಗಿ ತಂದ 5 ಕಿಲೋದಲ್ಲೂ ಸಿಪ್ಪೆ, ಬೀಜ ಇದ್ದೇ ಇವೆ.

ಸರಿಯಾದ ದಾರಿ ಕೂಡುವುದಲ್ಲ, ಭಾಗಿಸುವುದು. ಬೇಕಾದ ಹೋಳಿನ ತೂಕವನ್ನು, ಒಂದು ಕಿಲೋ ಕಾಯಿಯಿಂದ ಎಷ್ಟು ಹೋಳು ಸಿಗುತ್ತದೆಯೋ ಅದರಿಂದ ಭಾಗಿಸಬೇಕು. 15ನ್ನು 0.67ರಿಂದ ಭಾಗಿಸಿದರೆ 22.4. ಹಾಗಾಗಿ ತರಬೇಕಾದದ್ದು 22ರಿಂದ 23 ಕಿಲೋ. ಭಾಗಾಕಾರ ಬೇಡ ಎನ್ನುವವರು ಇಷ್ಟು ನೆನಪಿಟ್ಟುಕೊಂಡರೂ ಸಾಕು: ಐದನೆಯ ಒಂದು ಭಾಗ ಹೋಗುವ ತರಕಾರಿಯನ್ನು ಕಾಲುಪಾಲು ಹೆಚ್ಚು ತರಬೇಕು, ಮೂರನೆಯ ಒಂದು ಭಾಗ ಹೋಗುವುದನ್ನು ಅರ್ಧದಷ್ಟು ಹೆಚ್ಚು, ಅರ್ಧ ಹೋಗುವುದನ್ನು ಎರಡರಷ್ಟು. ನಷ್ಟ ಕಡಿಮೆ ಇರುವ ಕ್ಯಾರೆಟ್, ಬೀನ್ಸಿನಲ್ಲಿ ಕೂಡಿದರೂ ಭಾಗಿಸಿದರೂ ಹೆಚ್ಚು ವ್ಯತ್ಯಾಸ ಬಾರದು. ನಷ್ಟ ಏರಿದಂತೆಲ್ಲ ತಪ್ಪು ಲೆಕ್ಕದ ಪೆಟ್ಟು ಜೋರಾಗುತ್ತದೆ.

ಯಾವ ತರಕಾರಿಯಲ್ಲಿ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಅಚ್ಚಾದ ಕೋಷ್ಟಕಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ, ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪುಸ್ತಕದಲ್ಲಿ ತಿನ್ನಲು ಬರುವ ಭಾಗ ಶೇಕಡಾ ಎಷ್ಟು ಎಂಬುದಕ್ಕೇ ಒಂದು ಸಾಲು ಮೀಸಲಾಗಿದೆ. ಸಿಪ್ಪೆಯ ಸಮೇತ ತಂದ ಬಟಾಣಿಯಲ್ಲಿ ಕಾಳು ಸಿಗುವುದು ತೂಕದ ಅರ್ಧದ ಆಸುಪಾಸು. ಬಾಳೆಕಾಯಿ ಅದಕ್ಕಿಂತ ತುಸು ಮೇಲು. ಇಂಥ ಅಂಕಿಗಳು ಪಟ್ಟಿ ಬರೆಯಲು ಒಳ್ಳೆಯ ಆರಂಭ. ಆದರೆ ಅವು ಸರಾಸರಿಗಳು. ನಿಮ್ಮೂರ ಸಂತೆಗೆ ಈ ವಾರ ಬಂದ ಕಾಯಿ ಆ ಸರಾಸರಿಯಂತೆಯೇ ಇರಬೇಕೆಂದಿಲ್ಲ.

ಆಲೂಗಡ್ಡೆಯನ್ನೇ ನೋಡಿ. ಸಣ್ಣ ಗೆಡ್ಡೆಗಳಲ್ಲಿ ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು, ಹಾಗಾಗಿ ಒಂದು ಕಿಲೋಗೆ ಹೋಗುವ ಸಿಪ್ಪೆಯೂ ಹೆಚ್ಚು. ಚಾಕುವಿನಲ್ಲಿ ಹೆರೆದರೆ ಸಿಪ್ಪೆಯ ಜೊತೆ ಗೆಡ್ಡೆಯೂ ಪದರ ಪದರವಾಗಿ ಹೋಗುತ್ತದೆ. ಬೇಯಿಸಿ ಸುಲಿದರೆ ಕಾಗದದಂಥ ಸಿಪ್ಪೆಯಷ್ಟೇ ಕಳಚುತ್ತದೆ. ಪಲ್ಯಕ್ಕೆ ಬೇಯಿಸಿ ಸುಲಿಯುವ ಆಲೂಗಡ್ಡೆಗೂ ಸಾಗುವಿಗೆ ಹಸಿಯಾಗಿ ಹೆರೆಯುವ ಆಲೂಗಡ್ಡೆಗೂ ಒಂದೇ ಅಂಕಿ ಹಿಡಿಯಬಾರದು. ಇನ್ನು ಬಲಿತು ನಾರು ಬಿಟ್ಟ ಬೀನ್ಸ್, ಹುಳುಕಾದ ಬದನೆ, ಬೇರಿಗೆ ಮಣ್ಣು ಹಿಡಿದ ಸೊಪ್ಪಿನ ಕಟ್ಟು, ಇವುಗಳಲ್ಲಿ ಎಷ್ಟು ಹೋಗುತ್ತದೆ ಎಂದು ಯಾವ ಪುಸ್ತಕವೂ ಹೇಳಲಾರದು.

ಅವರೆಕಾಯಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ನಷ್ಟ ಎರಡು ಹಂತದಲ್ಲಿ ಆಗುತ್ತದೆ. ಮೊದಲು ಕಾಯಿ ಬಿಡಿಸಬೇಕು, ಆಮೇಲೆ ಕಾಳನ್ನು ನೆನೆಸಿ ಹಿತುಕಬೇಕು. 5 ಕಿಲೋ ಕಾಯಿಯಿಂದ 2 ಕಿಲೋ ಕಾಳು ಬಂತು ಎನ್ನೋಣ: ಶೇಕಡಾ 40. ಆ 2 ಕಿಲೋ ಹಿತುಕಿದಾಗ ಒಂದೂವರೆ ಕಿಲೋ ಬೇಳೆ ಉಳಿದರೆ, ಕಾಯಿಯ ಲೆಕ್ಕದಲ್ಲಿ ಅದು ಶೇಕಡಾ 30. ಇಲ್ಲೊಂದು ಎಚ್ಚರ ಬೇಕು. ನೆನೆದ ಕಾಳು ನೀರು ಕುಡಿದು ತೂಕ ಏರಿಸಿಕೊಂಡಿರುತ್ತದೆ. ಆದ್ದರಿಂದ ಕಾಳನ್ನು ನೆನೆಸುವ ಮೊದಲೇ ತೂಗಬೇಕು, ಹಿತುಕಿದ ಬೇಳೆಯನ್ನು ನೀರು ಬಸಿದು ತೂಗಬೇಕು. ಇಲ್ಲದಿದ್ದರೆ ನೀರೂ ಬೇಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇದೇ ಅಂಕಿಯಿಂದ ನಿಜವಾದ ಬೆಲೆಯೂ ತಿಳಿಯುತ್ತದೆ. ಕಾಯಿ ಕಿಲೋಗೆ 60 ರೂಪಾಯಿ, ಸಿಗುವ ಕಾಳು ಶೇಕಡಾ 40 ಎಂದಾದರೆ, ಕಾಳಿಗೆ ಬಿದ್ದ ಬೆಲೆ ಕಿಲೋಗೆ 150. ಹಿತುಕಿದ ಬೇಳೆಗೆ 200. ಪಕ್ಕದ ಅಂಗಡಿಯಲ್ಲಿ ಬಿಡಿಸಿದ ಕಾಳನ್ನು ಕಿಲೋ 170ಕ್ಕೆ ಕೊಡುತ್ತಿದ್ದರೆ ‘ಅಬ್ಬಾ, ಮೂರರಷ್ಟು ಬೆಲೆ’ ಎಂದು ಮುಖ ತಿರುಗಿಸುವಂತಿಲ್ಲ. ಅಲ್ಲಿ ನೀವು ಹೆಚ್ಚು ಕೊಡುತ್ತಿರುವುದು 20 ರೂಪಾಯಿ. ಒಂದು ಕಿಲೋ ಕಾಳು ಬಿಡಿಸುವ ಕೂಲಿ ಅಷ್ಟೇ. ಮನೆಮಂದಿ ಸುತ್ತ ಕೂತು ಬಿಡಿಸುವುದಾದರೆ ಕಾಯಿ ಲಾಭ. ಕೂಲಿಯವರನ್ನು ಕರೆಯುವುದಾದರೆ ಕಾಳೇ ಮೇಲು. ಕಾಳನ್ನು ಸೇರು, ಪಾವಿನಲ್ಲಿ ಅಳೆದು ಮಾರುವ ಕಡೆ ಒಂದು ಅಳತೆಯನ್ನು ಮೊದಲು ತೂಗಿಸಿ ನೋಡಿದರೆ ಮಾತ್ರ ಈ ಹೋಲಿಕೆ ನಿಲ್ಲುತ್ತದೆ.

ಸಿಪ್ಪೆಯೆಲ್ಲ ಕಸವೇ ಆಗಬೇಕಿಲ್ಲ ಎಂಬುದು ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಗೊತ್ತು. ಹೀರೆಕಾಯಿ ಸಿಪ್ಪೆಯ ಚಟ್ನಿಯ ರುಚಿ ಹೀರೆಕಾಯಿಗೂ ಇಲ್ಲ. ಬೂದುಗುಂಬಳದ ತಿರುಳನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯುತ್ತಾರೆ. ಇದರಿಂದ ದುಡ್ಡು ಉಳಿಯುವುದು ನಿಜ. ಆದರೆ ಹುಳಿಗೆ ಕಾಯಿ ಕೊಳ್ಳುವ ಲೆಕ್ಕ ಬದಲಾಗುವುದಿಲ್ಲ. ಹುಳಿಗೆ ಬೇಕಾದದ್ದು ಹೋಳು ತಾನೆ? ತಿರುಳನ್ನು ದೋಸೆಯ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಬೇಯುವಾಗ ಸೊಪ್ಪು ಕುಗ್ಗುವುದೂ ಹೀಗೆಯೇ ಬೇರೆ ಲೆಕ್ಕ. ಸೋಸಿದ ಹಸಿ ಸೊಪ್ಪಿನ ತೂಕ ಸರಿಯಿದ್ದರೂ ಬೆಂದ ಮೇಲೆ ಪಾತ್ರೆಯ ತಳ ಸೇರುತ್ತದೆ. ಎಲೆಗೆ ಎಷ್ಟು ಎಂದು ನಿರ್ಧರಿಸುವಾಗಲೇ ಅದನ್ನು ಗಮನಿಸಬೇಕು.

ಪರೀಕ್ಷೆಗೆ ಬೇಕಾದದ್ದು ಒಂದು ತಕ್ಕಡಿ, ಒಂದು ಕಾಯಿ. ದೊಡ್ಡ ಖರೀದಿಗೆ ಹೋಗುವ ಹಿಂದಿನ ದಿನ ಅದೇ ಮಾರುಕಟ್ಟೆಯಿಂದ ಒಂದೆರಡು ಕಿಲೋ ತಂದು, ಹೆಚ್ಚುವ ಮೊದಲು ತೂಗಿ, ಸಮಾರಂಭದ ದಿನ ಹೇಗೆ ಹೆಚ್ಚುತ್ತಾರೋ ಹಾಗೆಯೇ ಹೆಚ್ಚಿಸಿ ಮತ್ತೆ ತೂಗಿ. ಎರಡನೆಯ ತೂಕವನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿಯನ್ನು ಸಾಮಾನು ಪಟ್ಟಿಯಲ್ಲಿ ಆ ತರಕಾರಿಯ ಹೆಸರಿನ ಪಕ್ಕದಲ್ಲೇ ಬರೆದಿಡಿ, ಯಾವ ತಿಂಗಳು ಎಂಬುದನ್ನೂ ಸೇರಿಸಿ.